ಡಾಲರ್ ಸಾಲದ ಕಂತು ರೂಪಾಯಿಯಲ್ಲಿ ಎಷ್ಟಾಗುತ್ತದೆ ಅಂತ ಮೊದಲೇ ಬರೆದು ಕೊಡಿಸಿ: ರಿಸರ್ವ್ ಬ್ಯಾಂಕ್ ಗವರ್ನರ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರಿಗೆ,

ನಮಸ್ಕಾರ. ನಾನು ದಾವಣಗೆರೆಯವನು. ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲೂ, ಆಮೇಲೆ ವಿದೇಶಿ ವಿನಿಮಯದ ಕೌಂಟರಿನಲ್ಲೂ ಕೆಲಸ ಮಾಡಿ ನಿವೃತ್ತನಾದೆ. ಈಗಲೂ ಬೀದಿಯವರು, ನೆಂಟರು ಸಾಲದ ಕಾಗದ ಹಿಡಿದುಕೊಂಡು ಬರುತ್ತಾರೆ. ಈಚೆಗೆ ಬರುವ ಕಾಗದಗಳಲ್ಲಿ ಒಂದು ಬಗೆ ಜಾಸ್ತಿಯಾಗಿದೆ. ಮಗ ಅಥವಾ ಮಗಳು ಅಮೆರಿಕದಲ್ಲಿ ಎಂ.ಎಸ್. ಓದಲು ಹೊರದೇಶದ ಸಾಲ ಸಂಸ್ಥೆಯಿಂದ ಡಾಲರ್‌ನಲ್ಲೇ ತೆಗೆದ ಸಾಲ. ಮನೆ ಅಡಮಾನ ಬೇಡ, ಅಪ್ಪ ಅಮ್ಮನ ಜಾಮೀನೂ ಬೇಡ, ಆನ್‌ಲೈನಿನಲ್ಲೇ ಮಂಜೂರು. ಓದು ಮುಗಿದಿದೆ, ಕೆಲಸ ಅಲ್ಲಿ ಸಿಗಲಿಲ್ಲ, ಹುಡುಗ ವಾಪಸ್ ಬಂದಿದ್ದಾನೆ. ಸಂಬಳ ರೂಪಾಯಿಯಲ್ಲಿ, ಕಂತು ಡಾಲರ್‌ನಲ್ಲಿ.

ರೂಪಾಯಿಯನ್ನು ಹಿಡಿದು ನಿಲ್ಲಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಇಂಥದ್ದೇ ಮಟ್ಟದಲ್ಲಿ ರೂಪಾಯಿ ಇರಬೇಕು ಅನ್ನುವ ಗುರಿ ನಮಗಿಲ್ಲ, ವಿಪರೀತ ಏರಿಳಿತ ತಡೆಯುವುದಷ್ಟೇ ನಮ್ಮ ಕೆಲಸ ಅಂತ ನಿಮ್ಮ ಸಂಸ್ಥೆ ವರ್ಷಗಳಿಂದ ಹೇಳುತ್ತಾ ಬಂದಿದೆ. ಅದು ಸರಿಯೇ. ನಾನು ಕೇಳುವುದು ಅದಕ್ಕಿಂತ ಚಿಕ್ಕದು. ಸಾಲ ಕೊಡುವ ದಿನ, ಡಾಲರ್ ಏರಿದರೆ ಕಂತು ರೂಪಾಯಿಯಲ್ಲಿ ಎಷ್ಟಾಗುತ್ತದೆ ಅನ್ನುವುದನ್ನು ಸಾಲಗಾರನ ಕೈಗೆ ಬರೆದು ಕೊಡಬೇಕು. ಡಾಲರ್ ತೀರಾ ಏರಿದಾಗ ಸಾಲವನ್ನು ರೂಪಾಯಿಗೆ ಬದಲಾಯಿಸಿಕೊಳ್ಳಲು ಒಂದು ದಾರಿ ಇರಬೇಕು.

ಒಂದು ಲೆಕ್ಕ ನೋಡೋಣ. ನನ್ನ ಮುಂದೆ ಬಂದ ಕಾಗದಗಳ ಮಾದರಿಯಲ್ಲೇ, ಅಂಕಿಗಳನ್ನು ಮಾತ್ರ ರೌಂಡ್ ಮಾಡಿ ಹಾಕಿದ್ದೇನೆ. 2021ರ ಆಗಸ್ಟ್‌ನಲ್ಲಿ ಒಬ್ಬ ಹುಡುಗ 40,000 ಡಾಲರ್ ಸಾಲಕ್ಕೆ ಸಹಿ ಹಾಕುತ್ತಾನೆ. ಬಡ್ಡಿ ವರ್ಷಕ್ಕೆ 10%. ಆಗ ಒಂದು ಡಾಲರಿಗೆ ಸುಮಾರು 74 ರೂಪಾಯಿ. ಅರ್ಧ ಹಣ ಆಗಲೇ ಕಾಲೇಜಿಗೆ ಹೋಗುತ್ತದೆ, ಇನ್ನರ್ಧ ಮುಂದಿನ ಆಗಸ್ಟ್‌ನಲ್ಲಿ. ಓದುವ ಎರಡು ವರ್ಷ, ಕೆಲಸ ಹುಡುಕಲು ಆರು ತಿಂಗಳು, ಅಷ್ಟು ದಿನ ಕಂತು ಇಲ್ಲ. ಆದರೆ ಬಡ್ಡಿ ಸುಮ್ನೆ ಕೂರುವುದಿಲ್ಲ ಅಲ್ವಾ? ಮೊದಲ ಅರ್ಧಕ್ಕೆ 5,000 ಡಾಲರ್, ಎರಡನೆಯದಕ್ಕೆ 3,000 ಡಾಲರ್ ಬಡ್ಡಿ ಸೇರಿ, 2024ರ ಫೆಬ್ರವರಿಯಲ್ಲಿ ಸಾಲ 48,000 ಡಾಲರ್ ಆಗಿ ನಿಲ್ಲುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು 634 ಡಾಲರ್.

ಸಹಿ ಹಾಕಿದ ದಿನ ಅಪ್ಪ 74ರ ರೇಟಿನಲ್ಲೇ ಲೆಕ್ಕ ಹಾಕಿದ್ದರು. ಆ ರೇಟಿಗೆ ಕಂತು ಸುಮಾರು 46,900 ರೂಪಾಯಿ. ಕಂತು ಶುರುವಾಗುವ ಹೊತ್ತಿಗೆ ಡಾಲರ್ 83 ರೂಪಾಯಿ ಆಗಿತ್ತು. ಕಂತು 52,600. 2025ರ ಡಿಸೆಂಬರ್ ಮೊದಲ ವಾರದಲ್ಲಿ ಡಾಲರ್ 90 ದಾಟಿತು. ಅದೇ 634 ಡಾಲರ್‌ಗೆ ಆಗ 57,000 ರೂಪಾಯಿ. ಬಡ್ಡಿ ದರ ಬದಲಾಗಿಲ್ಲ, ಕಂತು ತಪ್ಪಿಸಿಲ್ಲ, ದಂಡ ಬಿದ್ದಿಲ್ಲ. ಆದರೂ ಅಪ್ಪ ಅಂದುಕೊಂಡಿದ್ದಕ್ಕಿಂತ ತಿಂಗಳಿಗೆ ಹತ್ತು ಸಾವಿರ ಜಾಸ್ತಿ.

ಕಂತು ಏರಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಣದೇ ಇರುವುದು ಅಸಲಿನ ಕಥೆ. 22 ಕಂತು ಕಟ್ಟಿದ ಮೇಲೆ, ಅಂದರೆ ಡಿಸೆಂಬರ್ 2025ಕ್ಕೆ, ಉಳಿದ ಸಾಲ ಸುಮಾರು 42,370 ಡಾಲರ್. ಡಾಲರ್ ಲೆಕ್ಕದಲ್ಲಿ 5,600 ಕಡಿಮೆಯಾಗಿದೆ. ಹತ್ತು ವರ್ಷದ ಸಾಲದಲ್ಲಿ ಮೊದಲ ಕಂತುಗಳಲ್ಲಿ ಬಡ್ಡಿಯೇ ಜಾಸ್ತಿ, ಹಾಗಾಗಿ ಇದು ಮಾಮೂಲು. ಈಗ ರೂಪಾಯಿಗೆ ತಿರುಗಿಸಿ ನೋಡಿ. ಕಂತು ಶುರುವಾದಾಗ ಸಾಲ 39.84 ಲಕ್ಷ. 22 ಕಂತು ಕಟ್ಟಿದ ಮೇಲೆ 38.13 ಲಕ್ಷ. ಈ ನಡುವೆ ಅವನ ಜೇಬಿನಿಂದ ಹೋದದ್ದು ಸುಮಾರು 12 ಲಕ್ಷ. ಇಳಿದದ್ದು ಒಂದು ಮುಕ್ಕಾಲು ಲಕ್ಷಕ್ಕೂ ಕಡಿಮೆ. ಡಾಲರ್ 83ರಲ್ಲೇ ನಿಂತಿದ್ದರೆ ಇಳಿಕೆ 4.67 ಲಕ್ಷ ಇರುತ್ತಿತ್ತು. ಮಿಕ್ಕ ಮೂರು ಲಕ್ಷವನ್ನು ವಿನಿಮಯ ದರ ನುಂಗಿದೆ.

ಒಬ್ಬ ತಾಯಿ ನನ್ನನ್ನು ಕೇಳಿದರು, "ಸಾರ್, ಕಟ್ತಾನೇ ಇದೀವಿ, ಸಾಲ ಯಾಕೆ ಹಾಗೇ ಇದೆ?" ಅಂತ. ಮೋಸ ನಡೆದಿದೆ ಅಂತಲೇ ಅವರು ತಿಳಿದಿದ್ದರು. ಸ್ಟೇಟ್‌ಮೆಂಟ್ ಪೂರ್ತಿ ನೋಡಿದೆ, ಒಂದು ಸೆಂಟ್ ಕೂಡ ಆಚೀಚೆ ಆಗಿರಲಿಲ್ಲ. ಆದರೆ ಆ ಸ್ಟೇಟ್‌ಮೆಂಟಿನಲ್ಲಿ ಎಲ್ಲೂ ರೂಪಾಯಿ ಇರಲಿಲ್ಲ.

ಇಂಥ ಸಾಲ ಏಕೆ ತೆಗೆಯುತ್ತಾರೆ ಅಂತ ಕೇಳುವವರೂ ಇದ್ದಾರೆ. ಉತ್ತರ ಸುಲಭ. ಊರಿನ ಬ್ಯಾಂಕು ದೊಡ್ಡ ಮೊತ್ತಕ್ಕೆ ಅಡಮಾನ ಕೇಳುತ್ತದೆ, ಬಾಡಿಗೆ ಮನೆಯವರು ಎಲ್ಲಿಂದ ತರಬೇಕು? ಇನ್ನೊಂದು, ಬಡ್ಡಿ ಕಡಿಮೆ ಕಾಣುತ್ತದೆ. ಇಲ್ಲಿ ರೂಪಾಯಿ ಸಾಲ 11.5%, ಅಲ್ಲಿ ಡಾಲರ್ ಸಾಲ 10% ಅಂದುಕೊಳ್ಳಿ. ಏಜೆಂಟು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ತೋರಿಸುತ್ತಾನೆ, ಒಂದೂವರೆ ಪರ್ಸೆಂಟ್ ಉಳಿತಾಯ ಅಂತ. ಆದರೆ ರೂಪಾಯಿಯಲ್ಲಿ ದುಡಿದು ತೀರಿಸುವವನಿಗೆ ಈ ಎರಡು ಅಂಕಿಗಳನ್ನು ಹಾಗೆ ಹೋಲಿಸಲು ಬರುವುದಿಲ್ಲ. ಡಾಲರ್ ವರ್ಷಕ್ಕೆ 1.4% ಏರಿದರೆ ಆ ಉಳಿತಾಯ ಸಮ ಆಗಿಬಿಡುತ್ತದೆ. ಅದಕ್ಕಿಂತ ಜಾಸ್ತಿ ಏರಿದರೆ ನಷ್ಟ. 2015ರ ಕೊನೆಯಲ್ಲಿ ಡಾಲರ್ 66 ರೂಪಾಯಿ ಇತ್ತು, 2025ರ ಕೊನೆಯಲ್ಲಿ 90ರ ಆಸುಪಾಸು. ಸರಾಸರಿ ವರ್ಷಕ್ಕೆ ಮೂರು ಪರ್ಸೆಂಟ್ ಏರಿಕೆ. ಹಾಗೆ ನೋಡಿದರೆ 10%ನ ಡಾಲರ್ ಸಾಲ ರೂಪಾಯಿಯವನಿಗೆ 13%ಕ್ಕೂ ಮೇಲೆ ಬಿತ್ತು.

ಸರಾಸರಿ ಅನ್ನುವುದೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಡಾಲರ್ ಪ್ರತಿ ವರ್ಷ ಶಿಸ್ತಾಗಿ ಮೂರು ಪರ್ಸೆಂಟ್ ಏರುವುದಿಲ್ಲ. 2017ರಲ್ಲಿ ರೂಪಾಯಿಯೇ ಬಲವಾಯಿತು, 68ರಿಂದ 64ಕ್ಕೆ ಇಳಿಯಿತು ಡಾಲರ್. 2013ರಲ್ಲಿ ಮೇ ತಿಂಗಳಲ್ಲಿ 55ರ ಹತ್ತಿರ ಇದ್ದದ್ದು ಆಗಸ್ಟ್ ಕೊನೆಗೆ 68 ದಾಟಿತ್ತು. ಸಾಲಗಾರನಿಗೆ ಪೆಟ್ಟು ಬೀಳುವುದು ಇಂಥ ನೆಗೆತದಲ್ಲಿ. ಸಂಬಳ ವರ್ಷಕ್ಕೊಮ್ಮೆ ಏರುತ್ತದೆ, ಡಾಲರ್ ಮೂರು ತಿಂಗಳಲ್ಲಿ ಏರಿಬಿಡುತ್ತದೆ.

ಬಡ್ಡಿ ದರ ಏರಿಳಿಯುವ ಸಾಲವಾದರೆ ಪೆಟ್ಟು ಎರಡು ಕಡೆಯಿಂದ. ಡಾಲರ್ ಸಾಲಗಳ ಬಡ್ಡಿಯನ್ನು ಈಗ ಸಾಮಾನ್ಯವಾಗಿ ಸೋಫರ್ ಎಂಬ ಅಮೆರಿಕದ ದರಕ್ಕೆ ಕಟ್ಟಿರುತ್ತಾರೆ. 2021ರಲ್ಲಿ ಅದು ಸೊನ್ನೆಯ ಹತ್ತಿರ ಇತ್ತು, 2023ರ ಮಧ್ಯದ ಹೊತ್ತಿಗೆ 5% ದಾಟಿತ್ತು. ಅಮೆರಿಕದಲ್ಲಿ ಬಡ್ಡಿ ಏರಿದಾಗ ಜಗತ್ತಿನ ಹಣ ಅತ್ತ ಓಡುತ್ತದೆ, ಡಾಲರೂ ಏರುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ಬರುವ ಸಾಧ್ಯತೆಯೇ ಜಾಸ್ತಿ. ಮೇಲಿನ ಲೆಕ್ಕದಲ್ಲಿ ಬಡ್ಡಿ 10ರಿಂದ 13ಕ್ಕೆ ಹೋದರೆ ಕಂತು 634ರಿಂದ 717 ಡಾಲರ್ ಆಗುತ್ತದೆ. ಅದರ ಮೇಲೆ 90ರ ರೇಟು ಹಾಕಿ. 64,500 ರೂಪಾಯಿ.

ಇನ್ನು ಕಂತು ಕಟ್ಟುವ ಕೆಲಸವೇ ಒಂದು ರಗಳೆ. ಟೀವಿಯಲ್ಲಿ ಬರುವುದು ಬ್ಯಾಂಕುಗಳ ನಡುವಿನ ರೇಟು. ಶಾಖೆಯಲ್ಲಿ ಸಾಲಗಾರನಿಗೆ ಸಿಗುವುದು ಟಿಟಿ ಸೆಲ್ಲಿಂಗ್ ರೇಟು, ಅಂದರೆ ಹೊರದೇಶಕ್ಕೆ ಕಳಿಸಲು ಬ್ಯಾಂಕು ಡಾಲರ್ ಮಾರುವ ರೇಟು. ಅದು ಒಂದು ರೂಪಾಯಿಯೋ ಒಂದೂವರೆಯೋ ಮೇಲಿರುತ್ತದೆ. ಜೊತೆಗೆ ಹಣ ಕಳಿಸುವ ಶುಲ್ಕ, ವಿನಿಮಯದ ಮೇಲೆ ಜಿಎಸ್‌ಟಿ. ಇವೆಲ್ಲ ಸೇರಿ ಪ್ರತಿ ಕಂತಿಗೂ ಒಂದೂವರೆ ಎರಡು ಸಾವಿರ ಎದ್ದುಹೋಗುತ್ತದೆ. ಇದಕ್ಕಿಂತ ಕಿರಿಕಿರಿ ಇನ್ನೊಂದಿದೆ. ಹಣ ಕಳಿಸುವ ಫಾರ್ಮಿನಲ್ಲಿ ಶುಲ್ಕ ಯಾರದು ಅಂತ ಕೇಳುವ ಒಂದು ಚಿಕ್ಕ ಚೌಕ ಇರುತ್ತದೆ: `OUR`, `SHA`, `BEN`. ಹೆಚ್ಚಿನವರು ನೋಡದೆ `SHA` ಬಿಟ್ಟಿರುತ್ತಾರೆ. ಆಗ ನಡುವಿನ ಬ್ಯಾಂಕು ದಾರಿಯಲ್ಲೇ ತನ್ನ ಪಾಲು ಮುರಿದುಕೊಳ್ಳುತ್ತದೆ. ಇಲ್ಲಿಂದ 634 ಡಾಲರ್ ಹೊರಡುತ್ತದೆ, ಅಲ್ಲಿಗೆ 619 ಮುಟ್ಟುತ್ತದೆ. ಸಾಲ ಕೊಟ್ಟವರ ಲೆಕ್ಕದಲ್ಲಿ ಕಂತು ಪೂರ್ತಿ ಬಂದಿಲ್ಲ. ಹದಿನೈದು ಡಾಲರ್ ಬಾಕಿ ಮೂರು ತಿಂಗಳು ಹಾಗೇ ಬಿದ್ದು, ಅದರ ಮೇಲೆ ತಡವಾದದ್ದಕ್ಕೆ ದಂಡ ಸೇರಿದ್ದನ್ನು ನಾನೇ ನೋಡಿದ್ದೇನೆ. ಈ ಪತ್ರ ಓದುವ ಸಾಲಗಾರರಿದ್ದರೆ ಇವತ್ತೇ ಆ ಚೌಕ ನೋಡಿಕೊಳ್ಳಿ, `OUR` ಅಂತ ಹಾಕಿಸಿ. ಶುಲ್ಕ ಇಲ್ಲೇ ಕಟ್ಟಬೇಕಾಗುತ್ತದೆ, ಆದರೆ ಕಂತು ಇಡಿಯಾಗಿ ಮುಟ್ಟುತ್ತದೆ.

ರೇಟಿನ ವಿಷಯದಲ್ಲಿ ನಿಮ್ಮದೇ ಒಂದು ಒಳ್ಳೆಯ ವ್ಯವಸ್ಥೆ ಇದೆ, ಗವರ್ನರ್ ಅವರೇ. 2019ರಿಂದ ಕ್ಲಿಯರಿಂಗ್ ಕಾರ್ಪೊರೇಷನ್ ನಡೆಸುತ್ತಿರುವ ಎಫ್‌ಎಕ್ಸ್-ರಿಟೇಲ್ ಎಂಬ ಆನ್‌ಲೈನ್ ವೇದಿಕೆ. ಚಿಕ್ಕ ಗ್ರಾಹಕನಿಗೂ ಮಾರುಕಟ್ಟೆಯ ಹತ್ತಿರದ ರೇಟಿಗೆ ಡಾಲರ್ ಸಿಗಲಿ ಅಂತ ಮಾಡಿದ್ದು. ಅದರ ಹೆಸರು ಹೇಳಿದರೆ ನಮ್ಮ ಊರಿನ ಶಾಖೆಗಳಲ್ಲಿ ಮುಖ ಮುಖ ನೋಡಿಕೊಳ್ಳುತ್ತಾರೆ. ಪಾಪ, ಅವರದೇನು ತಪ್ಪು, ಯಾರೂ ಹೇಳಿಕೊಟ್ಟಿಲ್ಲ.

ಎಲ್ಲ ಡಾಲರ್ ಸಾಲವೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಲ್ಲೇ ಕೆಲಸ ಸಿಕ್ಕಿ ಡಾಲರ್ ಸಂಬಳ ಬರುವವನಿಗೆ ಡಾಲರ್ ಸಾಲದಲ್ಲಿ ವಿನಿಮಯದ ಭಯವೇ ಇಲ್ಲ. 634 ಡಾಲರ್ ಅವನಿಗೆ ಯಾವತ್ತೂ 634 ಡಾಲರೇ. ರೂಪಾಯಿ ಸಾಲ ತೆಗೆದು ಅಲ್ಲಿ ದುಡಿಯುವವನಿಗಂತೂ ರೂಪಾಯಿ ಬಿದ್ದಷ್ಟೂ ಲಾಭ, ಅದೇ ಕಂತಿಗೆ ಕಡಿಮೆ ಡಾಲರ್ ಸಾಕು. ತೊಂದರೆ ಇರುವುದು ಸಾಲ ಒಂದು ಹಣದಲ್ಲಿ, ಸಂಬಳ ಇನ್ನೊಂದು ಹಣದಲ್ಲಿ ಇದ್ದಾಗ. ಇಪ್ಪತ್ತೆರಡರ ಹುಡುಗ ಸಹಿ ಹಾಕುವಾಗ ಮೂರು ವರ್ಷದ ಮೇಲೆ ತನ್ನ ಸಂಬಳ ಯಾವ ದೇಶದ ಹಣದಲ್ಲಿ ಬರುತ್ತದೆ ಅಂತ ಅವನಿಗೆ ಹೇಗೆ ಗೊತ್ತಿರುತ್ತದೆ? 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ಆ ಒಂದು ಆದೇಶದಿಂದ ಅಲ್ಲೇ ಉಳಿಯುವ ಲೆಕ್ಕ ಹಾಕಿದ್ದ ಎಷ್ಟೋ ಮನೆಗಳ ಲೆಕ್ಕ ತಲೆಕೆಳಗಾಯಿತು.

ರೂಪಾಯಿ ಸಾಲಕ್ಕೂ ವಿನಿಮಯ ದರ ತಟ್ಟುತ್ತದೆ, ಆದರೆ ಬೇರೆ ರೀತಿ. 83ರ ರೇಟಿನಲ್ಲಿ 40 ಲಕ್ಷ ಮಂಜೂರಾದರೆ ಅದು 48,000 ಡಾಲರ್ ಚಿಲ್ಲರೆ. ಎಲ್ಲವನ್ನೂ 90ರಲ್ಲಿ ಕಳಿಸಬೇಕಾಗಿ ಬಂದರೆ 44,400 ಮಾತ್ರ. ಕೊನೆಯ ಸೆಮಿಸ್ಟರ್ ಫೀಸಿಗೆ ಕೊರತೆ ಬಿದ್ದು ಅಮ್ಮನ ಬಳೆ ಅಡವಿಗೆ ಹೋಗುತ್ತದೆ. ಕಷ್ಟವೇ. ಆದರೆ ಹಣ ಒಮ್ಮೆ ಕಳಿಸಿದ ಮೇಲೆ ಅಲ್ಲಿಗೆ ಮುಗಿಯಿತು, ಡಾಲರ್ ಎಷ್ಟಾದರೂ ಕಂತು ಅಲುಗುವುದಿಲ್ಲ. ಡಾಲರ್ ಸಾಲದಲ್ಲಿ ಕೊನೆಯ ಕಂತಿನ ದಿನದವರೆಗೂ ಅಪಾಯ ಜೊತೆಗೇ ಇರುತ್ತದೆ.

ಕಂಪನಿಗಳ ವಿಷಯಕ್ಕೆ ಬಂದರೆ ನೀವು ಎಷ್ಟು ಎಚ್ಚರ ಅನ್ನುವುದು ನನಗೆ ಗೊತ್ತು. ವಿದೇಶಿ ಹಣದಲ್ಲಿ ಸಾಲ ಮಾಡಿ ಅದಕ್ಕೆ ರಕ್ಷಣೆ ಮಾಡಿಕೊಳ್ಳದ ಕಂಪನಿಗೆ ಸಾಲ ಕೊಟ್ಟ ಬ್ಯಾಂಕು ಹೆಚ್ಚುವರಿ ಹಣ ತೆಗೆದಿಡಬೇಕು ಅಂತ 2014ರಿಂದ ನಿಯಮ ಇದೆ. ಆ ಫಾರ್ಮುಗಳನ್ನು ತುಂಬಿಸಿಕೊಂಡವನು ನಾನು. ಕಂಪನಿಯ ಡಾಲರ್ ಸಾಲದ ಅಪಾಯವನ್ನು ಅಳೆಯಲು ಕಾಗದ ಇದೆ. ಒಂದು ಲಕ್ಷ ಸಂಬಳದ ಹುಡುಗನ ಡಾಲರ್ ಸಾಲಕ್ಕೆ ಏನೂ ಇಲ್ಲ. ಕಂಪನಿಗಾದರೆ ಫಾರ್ವರ್ಡ್ ಒಪ್ಪಂದ ಮಾಡಿಕೊಂಡು ಮುಂದಿನ ರೇಟು ಈಗಲೇ ಕಟ್ಟಿಕೊಳ್ಳಲು ಖಜಾನೆ ವಿಭಾಗ ಇರುತ್ತದೆ. ಒಂದು ಮನೆಯವರು ಹತ್ತು ವರ್ಷದ ಕಂತಿಗೆ ಅದನ್ನು ಮಾಡುವುದು ಆಗುವ ಮಾತಲ್ಲ.

ಹೊರಗಿನ ಸಾಲ ಸಂಸ್ಥೆ ನಮ್ಮ ಅಧಿಕಾರಕ್ಕೆ ಬರುವುದಿಲ್ಲ ಅಂತ ನೀವು ಹೇಳಬಹುದು. ಪೂರ್ತಿ ನಿಜ. ಆದರೆ ಹೊರದೇಶದಲ್ಲಿ ಓದುವವನು ಅಲ್ಲೇ ಎರಡೂವರೆ ಲಕ್ಷ ಡಾಲರ್‌ವರೆಗೆ ಸಾಲ ತೆಗೆಯಬಹುದು ಅಂತ ಅನುಮತಿ ಕೊಟ್ಟಿದ್ದು ನಿಮ್ಮ 2018ರ ನಿಯಮ. ಅನುಮತಿ ಕೊಟ್ಟವರು ಜೊತೆಗೆ ಒಂದು ಷರತ್ತನ್ನೂ ಇಡಬಹುದಲ್ಲ. ಈ ಸಾಲಗಳನ್ನು ಇಲ್ಲಿ ತಂದು ಕೊಡುವ ಪಾಲುದಾರರು ನಿಮ್ಮ ಕೈಕೆಳಗಿನ ಬ್ಯಾಂಕೋ ಹಣಕಾಸು ಕಂಪನಿಯೋ ಆಗಿದ್ದರೆ, ಅವರಿಗೆ ಒಂದು ಸುತ್ತೋಲೆ ಸಾಕು.

ಅದಕ್ಕೆ ಬೇಕಾದ ಕಾಗದವೂ ತಯಾರಿದೆ. 2024ರ ಅಕ್ಟೋಬರ್ 1ರಿಂದ ಎಲ್ಲ ರಿಟೇಲ್ ಸಾಲಕ್ಕೂ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರಗಳ ಕಾಗದ, ಕೊಡಲೇಬೇಕು ಅಂತ ಮಾಡಿದ್ದೀರಿ. ಒಳ್ಳೆಯ ಕೆಲಸ. ಅದರಲ್ಲಿ ಏರಿಳಿಯುವ ಬಡ್ಡಿಯ ಸಾಲಕ್ಕೆ ಒಂದು ಸಾಲು ಇದೆ: ಮೂಲ ದರ ಕಾಲು ಪರ್ಸೆಂಟ್ ಬದಲಾದರೆ ಕಂತು ಎಷ್ಟು ಬದಲಾಗುತ್ತದೆ, ಕಂತುಗಳ ಸಂಖ್ಯೆ ಎಷ್ಟು ಬದಲಾಗುತ್ತದೆ ಅಂತ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ. ಡಾಲರ್ ಒಂದು ರೂಪಾಯಿ ಏರಿದರೆ ಕಂತು ಎಷ್ಟು ಏರುತ್ತದೆ, ಉಳಿದ ಸಾಲ ಎಷ್ಟು ಏರುತ್ತದೆ. ಲೆಕ್ಕ ಬಹಳ ಸುಲಭ. ಕಂತು 634 ಡಾಲರ್ ಆದರೆ, ಡಾಲರ್ ಒಂದು ರೂಪಾಯಿ ಏರಿದಾಗಲೆಲ್ಲ ಕಂತು 634 ರೂಪಾಯಿ ಏರುತ್ತದೆ. ಬಾಕಿ 42,370 ಡಾಲರ್ ಆದರೆ ಬಾಕಿ 42,370 ರೂಪಾಯಿ ಏರುತ್ತದೆ. ಇಷ್ಟನ್ನು ಕನ್ನಡದಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟಿದ್ದರೆ, ಅವರು ಏಜೆಂಟಿನ ಒಂದೂವರೆ ಪರ್ಸೆಂಟ್ ಮಾತನ್ನು ಇನ್ನೊಮ್ಮೆ ಯೋಚಿಸುತ್ತಿದ್ದರು. ಅದರ ಪಕ್ಕದಲ್ಲೇ ಹಿಂದಿನ ಹತ್ತು ವರ್ಷದಲ್ಲಿ ಡಾಲರ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತಲೂ ಹಾಕಿಸಿ. ಮುಂದೆ ಹಾಗೇ ಆಗುತ್ತದೆ ಅಂತಲ್ಲ, ಆಗಬಹುದು ಅಂತ ಗೊತ್ತಾಗಲಿ.

ಎರಡನೆಯ ಬೇಡಿಕೆಗೆ ಯುರೋಪಿನ ಅನುಭವ ನೋಡಿ. 2008ಕ್ಕೆ ಮುಂಚೆ ಹಂಗೇರಿ, ಪೋಲೆಂಡ್‌ನ ಲಕ್ಷಾಂತರ ಮನೆಗಳವರು ಸ್ವಿಸ್ ಫ್ರಾಂಕ್‌ನಲ್ಲಿ ಸಾಲ ತೆಗೆದರು. ಕಾರಣ ನಮ್ಮದೇ: ಬಡ್ಡಿ ಕಡಿಮೆ ಕಾಣುತ್ತಿತ್ತು. ಸಂಬಳ ಮಾತ್ರ ತಮ್ಮ ದೇಶದ ಹಣದಲ್ಲಿ, ಹಂಗೇರಿಯ ಫೋರಿಂಟ್‌ನಲ್ಲಿ, ಪೋಲೆಂಡಿನ ಝ್ಲಾಟಿಯಲ್ಲಿ. ಫ್ರಾಂಕ್ ಏರುತ್ತಾ ಹೋಯಿತು, ಕಂತು ಕಟ್ಟಲಾಗದೆ ಜನ ಒದ್ದಾಡಿದರು. 2014ರ ನವೆಂಬರಿನಲ್ಲಿ ಹಂಗೇರಿ ಇಂಥ ಮನೆ ಸಾಲಗಳನ್ನು ಫೋರಿಂಟ್‌ಗೆ ಬದಲಾಯಿಸುವ ರೇಟನ್ನು ಗೊತ್ತು ಮಾಡಿತು. ಎರಡೇ ತಿಂಗಳು. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕು ಯುರೋ ಎದುರು ಫ್ರಾಂಕ್ ಒಂದು ಮಟ್ಟಕ್ಕಿಂತ ಏರದಂತೆ ಹಾಕಿದ್ದ ಕಟ್ಟು ಬಿಚ್ಚಿತು, ಫ್ರಾಂಕ್ ಒಂದೇ ದಿನ ಜಿಗಿಯಿತು. ಹಂಗೇರಿಯ ಸಾಲಗಾರರು ಹೆಚ್ಚಿನವರು ಬಚಾವಾದರು. ಪೋಲೆಂಡಿನವರು ಸಿಕ್ಕಿಬಿದ್ದರು, ಅಲ್ಲಿ ಆಮೇಲೆ ವರ್ಷಗಟ್ಟಲೆ ಕೋರ್ಟು ಕಚೇರಿ.

ಆ ಅನುಭವದ ಮೇಲೆ ಐರೋಪ್ಯ ಒಕ್ಕೂಟ 2014ರಲ್ಲಿ ಮನೆ ಸಾಲಕ್ಕೆ ಒಂದು ನಿಯಮ ಮಾಡಿತು. ಸಾಲಗಾರ ಯಾವ ಹಣದಲ್ಲಿ ದುಡಿಯುತ್ತಾನೋ ಅದಲ್ಲದ ಬೇರೆ ಹಣದ ಸಾಲ ವಿದೇಶಿ ಹಣದ ಸಾಲ. ಅಂಥ ಸಾಲವನ್ನು ತನ್ನ ಹಣಕ್ಕೆ ಬದಲಾಯಿಸಿಕೊಳ್ಳುವ ಹಕ್ಕು ಸಾಲಗಾರನಿಗೆ ಇರಬೇಕು, ಅಥವಾ ಅಪಾಯಕ್ಕೆ ಮಿತಿ ಹಾಕುವ ಬೇರೆ ಏರ್ಪಾಡು ಇರಬೇಕು. ಸಹಿ ಹಾಕಿದ ದಿನದ ರೇಟಿಗೆ ಹೋಲಿಸಿದರೆ ಬಾಕಿಯೋ ಕಂತೋ 20%ಕ್ಕಿಂತ ಜಾಸ್ತಿ ಏರಿದಾಗ ಸಾಲ ಕೊಟ್ಟವನು ಎಚ್ಚರಿಕೆ ಕಳಿಸಬೇಕು, ಬದಲಾಯಿಸಿಕೊಳ್ಳುವ ಹಕ್ಕು ಇದ್ದರೆ ಅದನ್ನೂ ತಿಳಿಸಬೇಕು.

ಇದನ್ನು ನಮ್ಮ ಹುಡುಗನ ಲೆಕ್ಕಕ್ಕೆ ಹಾಕಿ ನೋಡಿ. ಸಹಿ ಹಾಕಿದ್ದು 74ರಲ್ಲಿ. ಅದರ ಮೇಲೆ 20% ಅಂದರೆ 88.80. 2025ರ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಡಾಲರ್ ಸರಿಯಾಗಿ ಆ ಅಂಚಿಗೆ ಬಂದಿತ್ತು. ಅಂಥ ನಿಯಮ ಇಲ್ಲಿ ಇದ್ದಿದ್ದರೆ ಅಲ್ಲಿಂದ ಮುಂದೆ ಎಚ್ಚರಿಕೆಯ ಪತ್ರ ಮನೆಗೆ ಬರುತ್ತಿತ್ತು. ರೂಪಾಯಿಗೆ ಬದಲಾಯಿಸಿಕೊಳ್ಳುವುದೋ, ಇನ್ನೂ ಕಾಯುವುದೋ ಅಂತ ಅವರೇ ಕೂತು ತೀರ್ಮಾನ ಮಾಡುತ್ತಿದ್ದರು. ಬದಲಾಯಿಸಿದ ಮೇಲೆ ಡಾಲರ್ ಇಳಿದರೆ ಆ ಲಾಭ ಅವರಿಗೆ ಸಿಗುವುದಿಲ್ಲ, ಅಲ್ಲಿವರೆಗೆ ಆದ ನಷ್ಟವೂ ವಾಪಸ್ ಬರುವುದಿಲ್ಲ. ಅದನ್ನೂ ಆ ಪತ್ರದಲ್ಲೇ ಹೇಳಬೇಕು. ಸಿಗುವುದು ಇಷ್ಟೇ: ಇನ್ನು ಮುಂದೆ ಕಂತು ಎಷ್ಟು ಅಂತ ಗೊತ್ತಿರುತ್ತದೆ.

ಇವತ್ತು ಹಾಗೆ ಬದಲಾಯಿಸಿಕೊಳ್ಳಲು ಹೋದವರ ಪಾಡು ನಾನು ಕಂಡಿದ್ದೇನೆ. ಒಂದು ಶಾಖೆಯಲ್ಲಿ "ಓದು ಮುಗಿದಿದೆಯಲ್ಲ, ಇದು ಶಿಕ್ಷಣ ಸಾಲ ಆಗಲ್ಲ" ಅಂದರು. ಇನ್ನೊಂದು ಕಡೆ ಹೊರಗಿನ ಸಂಸ್ಥೆಗೆ ಹಣ ಕಳಿಸಿ ಸಾಲ ವಹಿಸಿಕೊಳ್ಳಲು ನಮಗೆ ಸೂಚನೆ ಇಲ್ಲ ಅಂದರು. ಮೂರನೆಯ ಕಡೆ ಪರ್ಸನಲ್ ಲೋನ್ ಕೊಡುತ್ತೇವೆ ಅಂದರು, ಐದು ವರ್ಷಕ್ಕೆ. ಹತ್ತು ವರ್ಷದ ಸಾಲವನ್ನು ಐದು ವರ್ಷಕ್ಕೆ ಇಳಿಸಿದರೆ ಕಂತು ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ವಿದೇಶದ ಶಿಕ್ಷಣ ಸಾಲವನ್ನು, ಉಳಿದ ಅವಧಿಗೇ, ಶಿಕ್ಷಣ ಸಾಲ ಅಂತಲೇ ಇಲ್ಲಿನ ಬ್ಯಾಂಕು ವಹಿಸಿಕೊಳ್ಳಬಹುದು ಅಂತ ಒಂದು ಸ್ಪಷ್ಟ ಸೂಚನೆ ಹೊರಡಿಸಿ. ಕೆಲಸದಲ್ಲಿರುವ, 22 ಕಂತು ತಪ್ಪದೆ ಕಟ್ಟಿದ ಹುಡುಗ ಬ್ಯಾಂಕಿಗೂ ಒಳ್ಳೆಯ ಗಿರಾಕಿಯೇ. ಹಾಗೆ ವಹಿಸಿಕೊಂಡ ಸಾಲದ ಬಡ್ಡಿಗೂ ಶಿಕ್ಷಣ ಸಾಲದ ತೆರಿಗೆ ವಿನಾಯಿತಿ ಸಿಗುವಂತೆ ಮಾಡುವುದು ಹಣಕಾಸು ಸಚಿವಾಲಯದ ಕೆಲಸ. ಈ ಪತ್ರದ ಒಂದು ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇನೆ.

ಮುಂದಿನ ಆಗಸ್ಟ್‌ಗೆ ಹೊರಡುವ ಮಕ್ಕಳ ಸಾಲದ ಕಾಗದಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಸಹಿ ಬೀಳುತ್ತದೆ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟಿನ ಆ ಹೆಚ್ಚುವರಿ ಸಾಲು ಅಷ್ಟರೊಳಗೆ ಬಂದರೆ ಅನುಕೂಲ. ಸಾಲ ವಹಿಸಿಕೊಳ್ಳುವ ಸೂಚನೆಗೆ ಸ್ವಲ್ಪ ಜಾಸ್ತಿ ಸಮಯ ಬೇಕಾದೀತು, ಅದು ನನಗೂ ಗೊತ್ತು.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ
ದಾವಣಗೆರೆ